ಊರಿನ ಹೆಸರು ಅಳಿಸಿದ ಮೇಲೆ ಉಳಿಯುವುದು

ಬಸ್ಸುಗಳ ಕೋಷ್ಟಕವೊಂದರಲ್ಲಿ 100 ಊರುಗಳಿದ್ದು, ಹೋಗುವ ದಿಕ್ಕನ್ನೂ ಬರುವ ದಿಕ್ಕನ್ನೂ ಬೇರೆಬೇರೆಯಾಗಿ ಎಣಿಸಿದರೆ 9,900 ಜೋಡಿಗಳಾಗುತ್ತವೆ. ಜಾಲತಾಣದಲ್ಲಿ ಜೋಡಿಗೊಂದು ಪುಟ ಮಾಡಿ ಅಷ್ಟಕ್ಕೂ ಕೈಯಿಂದ ಶೀರ್ಷಿಕೆ ಬರೆಯುವುದು ಆಗದ ಮಾತಾದ್ದರಿಂದ, ನಡುನಡುವೆ ಜಾಗ ಬಿಟ್ಟ ವಾಕ್ಯದ ಅಚ್ಚನ್ನು, ಅಂದರೆ ಟೆಂಪ್ಲೇಟನ್ನು, ಸಿದ್ಧಪಡಿಸಿ ಆ ಜಾಗಗಳನ್ನು ಕೋಷ್ಟಕದಿಂದ ತುಂಬಿಸುತ್ತಾರೆ.

ಕನ್ನಡದಲ್ಲಿ ಈ ಕೆಲಸದ ಮೊದಲ ತೊಡಕು ವಿಭಕ್ತಿಯಲ್ಲಿದೆ. ಎಲ್ಲ ಹೆಸರಿಗೂ ‘ದಿಂದ’ ಎಂದು ಅಂಟಿಸುವ ಅಚ್ಚು ಹಾಸನಕ್ಕೆ ಸರಿಹೊಂದಿದರೂ ‘ಮೈಸೂರುದಿಂದ’, ‘ಮಡಿಕೇರಿದಿಂದ’ ಎಂಬ ವಿಕಾರಗಳನ್ನು ಹೆರುತ್ತದೆ. ನಿಯಮ ಕಟ್ಟುವುದು ಕಷ್ಟವಲ್ಲವಾದರೂ, ಬೀದರ್‌ನಂಥ ವ್ಯಂಜನಾಂತ ಹೆಸರುಗಳ ಗೋಜಿಗಿಂತ, ಪ್ರತಿ ಊರಿನ ಎದುರು ‘ಮೈಸೂರಿನಿಂದ’, ‘ಮೈಸೂರಿಗೆ’ ಎಂಬ ಎರಡು ರೂಪಗಳನ್ನು ಒಮ್ಮೆ ಕೈಯಾರೆ ಬರೆದಿಡುವುದೇ ಮೇಲು. 100 ಊರುಗಳಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಹೆಸರುಗಳು ಸರಿಹೋದರೂ ಶೀರ್ಷಿಕೆ ಪೊಳ್ಳಾಗಿರಬಹುದು. ಅದನ್ನು ಕಂಡುಹಿಡಿಯುವ ಪರೀಕ್ಷೆ ಸರಳವಾಗಿದೆ: ಎಲ್ಲ ಶೀರ್ಷಿಕೆಗಳಿಂದ ಊರಿನ ಹೆಸರುಗಳನ್ನು ಅಳಿಸಿ, ಉಳಿದ ಮಾತುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಯಾವುದು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು. ‘ಅಗ್ಗದ ದರದ ಉತ್ತಮ ಬಸ್ಸುಗಳು’ ಎಂಬುದೊಂದೇ ಸಾವಿರಾರು ಸಲ ಎದ್ದು ಬಂದರೆ, ಆ ಅಚ್ಚಿಗೆ ದಾರಿಯ ವಿಷಯ ಏನೂ ಗೊತ್ತಿಲ್ಲವೆಂದೇ ಅರ್ಥ.

ಪರಿಹಾರವಿರುವುದು ಸಮಾನಾರ್ಥಕ ಪದಗಳನ್ನು ಅದಲುಬದಲು ಮಾಡುವುದರಲ್ಲಿ ಅಲ್ಲ (ಆ ಚಮತ್ಕಾರ ಓದುಗನನ್ನು ಎರಡನೆಯ ಪುಟದವರೆಗೂ ಮರುಳು ಮಾಡದು). ಆಯಾ ಸಾಲಿನಲ್ಲಿ ಇರುವ ವಿಶೇಷವನ್ನು ನೋಡಿ ಅಚ್ಚನ್ನು ಆರಿಸುವುದರಲ್ಲಿ. ಬೆಂಗಳೂರು–ಮಂಗಳೂರು ಸಾಲಿನಲ್ಲಿ ಪ್ರಯಾಣಿಕನಿಗೆ ಮುಖ್ಯವಾಗುವುದು ಘಾಟಿ. ಆದ್ದರಿಂದ ‘ಬೆಂಗಳೂರಿನಿಂದ ಮಂಗಳೂರಿಗೆ ಬಸ್: ಶಿರಾಡಿ, ಚಾರ್ಮಾಡಿ ಮಾರ್ಗಗಳು’ ಎಂಬುದು ತಕ್ಕ ಶೀರ್ಷಿಕೆ. ಮೈಸೂರಿನಿಂದ ಹೊರಟರೆ ಅದೇ ಅಚ್ಚು ‘ಮಡಿಕೇರಿ, ಸಂಪಾಜೆ ಮಾರ್ಗ’ ಎನ್ನುತ್ತದೆ. ಬೆಂಗಳೂರು–ಮೈಸೂರಿನ ನಡುವೆ ದಾರಿಗಿಂತ ನಿಲುಗಡೆಯೇ ದೊಡ್ಡ ಪ್ರಶ್ನೆಯಾದ್ದರಿಂದ, ಅಲ್ಲಿ ‘ತಡೆರಹಿತ ಬಸ್ಸುಗಳು, ಮಂಡ್ಯದಲ್ಲಿ ನಿಲ್ಲುವ ಬಸ್ಸುಗಳು’ ಎಂಬ ಬೇರೆ ಅಚ್ಚು ಬೇಕು. ಎಲ್ಲ ಅಚ್ಚುಗಳಲ್ಲೂ ಊರುಗಳು ಮೊದಲು ಬರಬೇಕು. ಏಕೆಂದರೆ ಹುಡುಕಾಟದ ಫಲಿತಾಂಶದಲ್ಲಿ ಉದ್ದದ ಶೀರ್ಷಿಕೆಯ ಬಾಲವೇ ಕತ್ತರಿಸಿಹೋಗುತ್ತದೆ.

ಬೀದರ್–ಮಡಿಕೇರಿಯಂಥ ಜೋಡಿಗೆ ಕೋಷ್ಟಕದಲ್ಲಿ ನೇರ ಬಸ್ಸೂ ಇಲ್ಲದೆ, ಎಲ್ಲಿ ಇಳಿದು ಬಸ್ ಬದಲಿಸಬೇಕೆಂಬ ವಿವರವೂ ಇಲ್ಲದಿದ್ದರೆ, ಶೀರ್ಷಿಕೆಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಆ ಪುಟವನ್ನೇ ಹುಟ್ಟಿಸಬಾರದು. ಹಾಗೆ ನೋಡಿದರೆ 9,900ರಲ್ಲಿ ಬಹುಪಾಲು ಜೋಡಿಗಳು ಕಾಗದದ ಮೇಲಷ್ಟೇ ಇರತಕ್ಕವು.

ವಿಶೇಷವೆಂದು ಕಂಡದ್ದೆಲ್ಲ ಶೀರ್ಷಿಕೆಗೆ ಸಲ್ಲುವುದೂ ಇಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದಾಗ ಕೋಷ್ಟಕ ಅಂದೇ ಬದಲಾದರೂ, ಹುಡುಕುಯಂತ್ರ ಪುಟವನ್ನು ಮತ್ತೆ ಓದುವ ತನಕ ಹಳೆಯ ಶೀರ್ಷಿಕೆಯನ್ನೇ ತೋರಿಸುತ್ತಿರುತ್ತದೆ. ಹಾಗಾಗಿ ಅಂಥ ಸುದ್ದಿಗೂ, ಆಗಾಗ ಏರಿಳಿಯುವ ದರಕ್ಕೂ ಪುಟದ ಒಳಗೇ ಜಾಗ ಕೊಡುವುದು ಮೇಲು.