ಅಂಗಡಿ ಲೆಕ್ಕ, ಭಾಗ 4: 28 ಸಾವಿರ ಲಾಭ, ಗಲ್ಲಾದಾಗ ರೊಕ್ಕ ಇಲ್ಲ

ಮೊದಲ ಫೋಟೋದಲ್ಲಿ ಇರೋದು ನಮ್ಮ ಅಪ್ಪನ ಕೈಬರಹ. ಕೊಟ್ಟೂರಿನ ನಮ್ಮ ಸಣ್ಣ ಕಿರಾಣಿ ಅಂಗಡಿಯ ನವೆಂಬರ್ ತಿಂಗಳ ಪುಸ್ತಕ. ಎಡಕ್ಕೆ ಖರೀದಿ, ಬಲಕ್ಕೆ ಮಾರಾಟ. ಕೊನೆಗೆ ಕೆಂಪು ಪೆನ್ನಲ್ಲಿ ಮೂರು ಸಾಲು: ಮಾರಾಟ 1,86,000. ಖರೀದಿ 1,58,000. ಲಾಭ 28,000.

ಆ 28,000 ನೋಡಿಕೊಂಡೇ ಅಪ್ಪ ಒಂದು ಡೀಪ್ ಫ್ರೀಜರ್ ಮಾತಾಡಿ ಬಂದಿದ್ರು. ತಿಂಗಳಿಗೆ 6,500 ಕಂತು. "28ರಾಗ 6 ಹೋದ್ರ ಏನಾತು?" ಅಂದ್ರು. ಆದ್ರೆ ಅದೇ ವಾರ ನನ್ನ ಪರೀಕ್ಷೆ ಫೀಸಿಗೆ ಅಮ್ಮ ಪಕ್ಕದ ಮನಿಯಾಗ ಕೈಗಡ ತಂದಿದ್ರು. ಎರಡೂ ನಿಜ ಇರೋಕೆ ಹೇಗೆ ಸಾಧ್ಯ? ಪುಸ್ತಕ ತಗೊಂಡು ಕೂತೆ.

ಮೊದಲು ನೋಡಿದ್ದು ರ್ಯಾಕು. ತಿಂಗಳ ಖರೀದಿಯೆಲ್ಲ ಅದೇ ತಿಂಗಳು ಮಾರಾಟ ಆಗಲ್ಲ, ಮಾರಿದ್ದರಲ್ಲಿ ಹಿಂದಿನ ತಿಂಗಳ ಮಾಲೂ ಇರುತ್ತೆ. ಅದಕ್ಕೆ ತಿಂಗಳ ಶುರುವಿನ ಮಾಲಿಗೆ ಖರೀದಿ ಕೂಡಿಸಿ, ಕೊನೆಗೆ ಉಳಿದ ಮಾಲು ಕಳೀಬೇಕು. ದೀಪಾವಳಿ ಮುಗಿದ ಮೇಲೆ ನಾನೂ ತಮ್ಮನೂ ಎಣಿಸಿಟ್ಟಿದ್ದ ಪಟ್ಟಿ ಇತ್ತು: ನವೆಂಬರ್ 1ಕ್ಕೆ 92,000. ತಿಂಗಳ ಕೊನೆಗೆ ಮತ್ತೆ ಎಣಿಸಿದ್ವಿ. ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಪ್ಯಾಕೆಟ್ ಮೇಲಿನ ಎಂಆರ್‌ಪಿ ಹಾಕಿ ಎಣಿಸಿದ್ದಕ್ಕೆ 94,000 ಬಂತು. ಇನ್ನೂ ಮಾರದ ಮಾಲಿನ ಲಾಭವನ್ನ ಮೊದಲೇ ಬರೆದುಕೊಂಡ ಹಾಗೆ ಅದು. ಕೊಂಡ ಬೆಲೆ ಹಾಕಿ ಎಣಿಸಿದಾಗ ಬಂದಿದ್ದು 84,000.

92ಕ್ಕೆ 158 ಕೂಡಿಸಿ 84 ಕಳೆದ್ರೆ 166. ಅಂದ್ರೆ ಮಾರಿದ ಮಾಲಿನ ಅಸಲು 1,66,000. ಲಾಭ 28,000 ಅಲ್ಲ, 20,000. ಉಳಿದ 8,000 ನಮ್ಮದೇ ರ್ಯಾಕಿನಿಂದ ಕರಗಿದ್ದು.

ಆಮೇಲೆ ಮಾರಾಟದ ಸಾಲು. ದಿನಾ ಐದೂವರೆ, ಆರು ಸಾವಿರ ಇರೋ ಮಾರಾಟ, 12ನೇ ತಾರೀಖು ಮಾತ್ರ 9,300. ಅವತ್ತು ಸಂತೆನೂ ಇಲ್ಲ, ಹಬ್ಬನೂ ಇಲ್ಲ. ಉದ್ರಿ ಪುಸ್ತಕ ಪಕ್ಕದಲ್ಲಿಟ್ಟು ನೋಡಿದೆ. ಮೆಕ್ಕೆಜೋಳ ಮಾರಿದ ಒಬ್ಬರು ಅವತ್ತು ಹಳೇ ಬಾಕಿ 3,200 ಕೊಟ್ಟಿದ್ರು. ಅಪ್ಪ ಉದ್ರಿ ಕೊಟ್ಟ ದಿನವೇ ಅದನ್ನ ಮಾರಾಟ ಅಂತ ಬರೀತಾರೆ. ರೊಕ್ಕ ಬಂದ ದಿನ ಸಂಜೆ ಗಲ್ಲಾ ಎಣಿಸಿ, ಅದನ್ನೂ ಮಾರಾಟಕ್ಕೆ ಸೇರಿಸ್ತಾರೆ. ಒಂದೇ ಸಾಮಾನು ಪುಸ್ತಕದಲ್ಲಿ ಎರಡು ಸಲ ಮಾರಾಟ ಆಗಿತ್ತು! ಇಡೀ ತಿಂಗಳಲ್ಲಿ ಇಂಥದ್ದು 5,600. ಕಳೆದ್ರೆ ಉಳಿದಿದ್ದು 14,400.

ನಿಮ್ಮ ಮನೆಯ ಪುಸ್ತಕದಲ್ಲಿ ಇದನ್ನ ಹಿಡಿಯೋದು ಸುಲಭ. ಕಾರಣ ಇಲ್ಲದೆ ಮಾರಾಟ ಜಿಗಿದ ದಿನ ಹುಡುಕಿ, ಅದೇ ತಾರೀಖಿಗೆ ಉದ್ರಿ ಪುಸ್ತಕ ತೆಗೀರಿ. ನಮ್ಮ ಕಡೆ ಸುಗ್ಗಿ ತಿಂಗಳಲ್ಲಿ ಇದು ಜಾಸ್ತಿ, ಯಾಕಂದ್ರೆ ಜನ ಬಾಕಿ ತೀರಿಸೋದೇ ಆವಾಗ.

ಮೂರನೇದು ಅಪ್ಪನ ಪರವಾಗಿಯೇ ಬಂತು. ಮನಿಗೆ ಅಂತ ಅಂಗಡಿಯಿಂದ ಅಕ್ಕಿ, ಎಣ್ಣಿ, ಸೋಪು ಹೋಗುತ್ತೆ. ಅಮ್ಮನ ಹತ್ರ ಕೇಳಿ ಬರೆದಾಗ ಕೊಂಡ ಬೆಲೆಯಲ್ಲಿ 4,200 ಆಯ್ತು. ಇದು ಅಂಗಡಿಯ ನಷ್ಟ ಅಲ್ಲ, ಮಾಲೀಕರು ತಗೊಂಡ ಮಾಲು. ಕ್ಲಾಸಲ್ಲಿ ಡ್ರಾಯಿಂಗ್ಸ್ ಅಂತ ಓದಿದ್ದೆ, ಅದು ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇದೆ ಅಂತ ಹೊಳೆದಿರಲಿಲ್ಲ. ವಾಪಸ್ ಕೂಡಿಸಿದೆ: 18,600.

ಈಗ ಪುಸ್ತಕದಲ್ಲಿ ಇಲ್ಲದ ಖರ್ಚು. ಬಾಡಿಗೆ, ಕರೆಂಟು 4,950. ದಾವಣಗೆರೆಯಿಂದ ಮಾಲು ತರೋ ಗಾಡಿ ಬಾಡಿಗೆ, ಹಮಾಲಿ 1,900. ಕವರು, ಪೇಪರು, ಸ್ಕ್ಯಾನರ್ ಸ್ಪೀಕರ್ ಬಾಡಿಗೆ 700. ಮಾಲಿಗೆ ಅಂತ ತಂದ 60,000 ಸಾಲಕ್ಕೆ ನೂರಕ್ಕೆ ಎರಡರಂತೆ ಬಡ್ಡಿ 1,200. ಇನ್ನು ವರ್ಷಕ್ಕೊಮ್ಮೆ ಬರೋವು: ತೂಕದ ಮಷಿನ್ನಿಗೆ ಸೀಲ್ ಹಾಕಿಸೋದು, ರಿಪೇರಿ, ಈಗಿರೋ ಫ್ರಿಜ್ಜಿನ ಸವಕಳಿ. ಇವನ್ನೆಲ್ಲ 12ರಿಂದ ಭಾಗಿಸಿ ಒಂದು ತಿಂಗಳ ಪಾಲು 650. ಒಟ್ಟು 9,400. ಉಳಿದಿದ್ದು 9,200.

ದಿನಾ ಕಟ್ಟೋ 200 ರೂಪಾಯಿ ಪಿಗ್ಮಿಯನ್ನ ಅಪ್ಪ ಖರ್ಚು ಅಂತ ಹೇಳಿದ್ರು. ನಾನು ಬಿಟ್ಟೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಈ ಪಿಗ್ಮಿ, ಸಣ್ಣ ವ್ಯಾಪಾರಿಗಳ ಉಳಿತಾಯ. ರೊಕ್ಕ ಜಾಗ ಬದಲಿಸುತ್ತೆ ಅಷ್ಟೇ, ಕಳೆದುಹೋಗಲ್ಲ.

ಕೊನೇದು ಬರದೇ ಇರೋ ಉದ್ರಿ. ಊರು ಬಿಟ್ಟು ದುಡಿಯೋಕೆ ಗುಳೆ ಹೋದವರು, ವರ್ಷ ದಾಟಿದ ಬಾಕಿ. ಯಾರ ಹೆಸರೂ ಅಪ್ಪ ಹೊಡೆದು ಹಾಕೋಕೆ ಬಿಡಲಿಲ್ಲ. "ಬರ್ತಾರವಾ, ಪಾಪ" ಅಂದ್ರು. ಹೆಸರು ಇರಲಿ ಅಂತ ಬಿಟ್ಟು, ತಿಂಗಳಿಗೆ 1,000 ಬರಲ್ಲ ಅಂತ ಮಾತ್ರ ಬರೆದೆ. ಕೊನೆ ಸಾಲು: 8,200.

ಅದರಲ್ಲೂ 4,200 ಆಗಲೇ ಅಕ್ಕಿ ಎಣ್ಣಿಯಾಗಿ ಮನಿಗೆ ಬಂದಾಗಿದೆ. ಉಳಿದಿದ್ದು 4,000. ಆದ್ರೆ ಪಿಗ್ಮಿಗೆ ಹೋಗಿದ್ದೇ 6,000! "ಹಂಗಾದ್ರ ಪಿಗ್ಮಿ ರೊಕ್ಕ ಎಲ್ಲಿಂದ ಬಂತವಾ?" ಅಪ್ಪ ಕೇಳಿದ್ರು. ನಾನು ರ್ಯಾಕಿನ ಕಡೆ ನೋಡಿದೆ. ಅಲ್ಲಿ ಕಡಿಮೆ ಆದ 8,000 ಮಾಲು. ಅಂಗಡಿಯನ್ನೇ ಸ್ವಲ್ಪ ಸ್ವಲ್ಪ ಮಾರಿ ನಾವು ಉಳಿತಾಯ ಮಾಡ್ತಾ ಇದ್ವಿ.

8,200ನ್ನ 30 ದಿನಕ್ಕೆ ಹಂಚಿದ್ರೆ ದಿನಕ್ಕೆ 273. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತೂವರೆವರೆಗೆ ಅಪ್ಪ ಅಮ್ಮ ಇಬ್ಬರೂ ಸೇರಿ ದುಡಿದಿದ್ದಕ್ಕೆ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿಯೇ ಒಬ್ಬರಿಗೆ ದಿನಕ್ಕೆ 370. ಈ ಲೆಕ್ಕ ನಾನು ಅಪ್ಪನಿಗೆ ಜೋರಾಗಿ ಓದಲಿಲ್ಲ. ಪುಸ್ತಕ ತೆರೆದಿಟ್ಟೆ, ಅವರೇ ನೋಡಿಕೊಂಡ್ರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತಗೊಂಡು ಫ್ರೀಜರ್ ಬ್ಯಾಡ ಅಂದ್ರು.

ಒಂದೇ ತಿಂಗಳು ನೋಡಿ ಅಂಗಡಿ ಮುಳುಗ್ತು ಅನ್ನಬೇಡಿ. ನಮ್ಮಲ್ಲಿ ಕೊಟ್ಟೂರೇಶ್ವರ ಜಾತ್ರೆಗೆ ಮುಂಚೆ ಮಾಲು ತುಂಬಿಸ್ತಾರೆ, ಆ ತಿಂಗಳು ರ್ಯಾಕು ಏರುತ್ತೆ. ಮೂರು ತಿಂಗಳಾದ್ರೂ ಸೇರಿಸಿ ನೋಡಬೇಕು. ಅಂಗಡಿ ಬೇರೆ ಆದ್ರೆ ಲೆಕ್ಕದ ಭಾರವೂ ಬೇರೆ. ಹಡಗಲಿಯಲ್ಲಿ ಮಲ್ಲಿಗೆ ಮಾರೋರಿಗೆ ತಿಂಗಳ ಕೊನೆಗೆ ಎಣಿಸೋ ಮಾಲೇ ಇರಲ್ಲ, ಅವರು ಸಂಜೆ ಬಾಡಿದ ಹೂವಿನ ಅಸಲು ಬರೀಬೇಕು.

ಎರಡನೇ ಫೋಟೋ ಡಿಸೆಂಬರ್ ಪುಟ. ಬಲಗಡೆ ಒಂದು ಹೊಸ ಗೆರೆ ಇದೆ, ನೋಡಿದ್ರಾ? "ಉದ್ರಿ ವಸೂಲಿ" ಅಂತ ಬೇರೆ ಕಾಲಂ. ಗೆರೆ ಎಳೆದಿದ್ದು ನಾನಲ್ಲ, ಅಪ್ಪ. ಸ್ವಲ್ಪ ಸೊಟ್ಟ ಆಗಿದೆ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆ ಅಂಗಡಿ ಮನೆಯವರು ಯಾರಿದ್ದೀರಿ? ನಿಮ್ಮ ಪುಸ್ತಕದಲ್ಲಿ ಜಿಗಿದ ದಿನ ಯಾವುದು, ಕಮೆಂಟಲ್ಲಿ ಹೇಳಿ. ಭಾಗ 5ರಲ್ಲಿ ಡಿಸೆಂಬರ್ ಲೆಕ್ಕ.

#ಅಂಗಡಿಲೆಕ್ಕ #ಕೊಟ್ಟೂರು