ಹತ್ತಿಯ ಅಂಗಿಯೂ ಮುಂಬಯಿಯ ಬೆವರೂ

ವಿಜಯಪುರದ ಕಡೆಯ ಬಿಸಿಲಿನಲ್ಲಿ ಬೆಳೆದ ನಮ್ಮಂಥವರಿಗೆ ಬೇಸಿಗೆಯೇನೂ ಹೊಸದಲ್ಲ. ಆದರೂ ಮುಂಬಯಿಗೆ ಬಂದು ನೆಲಸಿದ ಮೇಲೆ ಒಂದು ಸಂಗತಿ ತಲೆ ತಿನ್ನುತ್ತಲೇ ಇರುತ್ತದೆ. ಅಲ್ಲಿ 39 ಡಿಗ್ರಿಯ ಬಿಸಿಲಿಗೂ ತಂಪೆನಿಸುತ್ತಿದ್ದ ಹತ್ತಿಯ ಅಂಗಿ ಇಲ್ಲಿ 33 ಡಿಗ್ರಿಗೇ ಬೆನ್ನಿಗಂಟಿ ಕೂಡುತ್ತದೆ. ಹೋದ ಮೇ ತಿಂಗಳಲ್ಲಿ ಊರಿನಿಂದ ಬಂದ ನಮ್ಮ ಅವ್ವ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕೇಳಿಯೇಬಿಟ್ಟಳು: “ತಮ್ಮಾ, ಕೂಸಿನ ಬೆನ್ನು ನೋಡೀಯೇನು? ಬೆವರುಸಾಲಿ ಎದ್ದು ಕೆಂಪಗಾಗೇತಿ. ಹತ್ತಿ ಅರಿವೀನ ಹಾಕೀರಿ, ಮತ್ಯಾಕ ಹಿಂಗ?”

ಕೂಸು ರಾತ್ರಿಯೆಲ್ಲ ಅಳುತ್ತಿದ್ದುದರಿಂದ ಈ ಪ್ರಶ್ನೆಯನ್ನು ತೇಲಿಸಿಬಿಡುವಂತಿರಲಿಲ್ಲ.

ಬೆವರು ಬಂದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಆರಿದರೆ ಮಾತ್ರ ತಂಪು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಆ ಆವಿಗೆ ಗಾಳಿಯಲ್ಲಿ ಜಾಗವಿರಬೇಕಷ್ಟೆ. ನಮ್ಮ ಊರಿನ ಮಧ್ಯಾಹ್ನ 39 ಡಿಗ್ರಿ ಶಾಖ, ನೂರಕ್ಕೆ 20ರಷ್ಟು ತೇವ. ಮುಂಬಯಿಯಲ್ಲಿ 33 ಡಿಗ್ರಿ, ನೂರಕ್ಕೆ 70ರಷ್ಟು ತೇವ ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಊರಿನ ಗಾಳಿ ಮೈಮೇಲಿನ ಬೆವರನ್ನು ಎಳೆದುಕೊಳ್ಳುವ ಬಲ ಇಲ್ಲಿಯದಕ್ಕಿಂತ ಸರಿಸುಮಾರು ಇಮ್ಮಡಿ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಗಾಳಿಯೇ ಆಡದಿದ್ದರಂತೂ ಕೇಳುವುದೇ ಬೇಡ.

ಇನ್ನು ಹತ್ತಿಯ ಗುಣ. ಅದರ ಎಳೆಗೆ ನೀರೆಂದರೆ ಬಲು ಪ್ರೀತಿ. ಒಣಗಿದೆಯೆಂದು ನಾವು ತಿಳಿದ ನೂರು ಗ್ರಾಂ ಹತ್ತಿಬಟ್ಟೆಯಲ್ಲೂ ಏಳೆಂಟು ಗ್ರಾಂ ನೀರು ಅಡಗಿರುತ್ತದೆ. ಮಳೆಗಾಲದ ಗಾಳಿಯಲ್ಲಿ ಅದು ಇನ್ನೂ ಹೆಚ್ಚು. ಅದೇ ತೂಕದ ಪಾಲಿಯೆಸ್ಟರಿನ ಎಳೆಯೊಳಗೆ ಅರ್ಧ ಗ್ರಾಂ ಕೂಡ ಇರದು. ಬೆವರು ಕುಡಿದ ಹತ್ತಿಯ ಎಳೆ ಉಬ್ಬಿ ಮೆತ್ತಗಾಗುತ್ತದೆ, ನೇಯ್ಗೆಯ ಸಂದು ಕಿರಿದಾಗುತ್ತದೆ, ಬಟ್ಟೆ ಮೈಮೇಲೆ ಕುಸಿಯುತ್ತದೆ. ಮೈಗೂ ಬಟ್ಟೆಗೂ ನಡುವೆ ಇದ್ದ ಗಾಳಿ ಹೋಗಿ ನೀರಿನ ತೆಳು ಪದರವೊಂದು ಅವೆರಡನ್ನೂ ಅಂಟಿಸುತ್ತದೆ. ಊರಿನಲ್ಲಿ ಕುಡಿದ ನೀರನ್ನು ಗಾಳಿಗೆ ಕೊಟ್ಟುಬಿಡುತ್ತಿದ್ದ ಅಂಗಿ ಇಲ್ಲಿ ಕುಡಿಯುತ್ತದೆ, ಕೊಡುವುದಿಲ್ಲ. ಸದಾ ಒದ್ದೆಯಾದ ಚರ್ಮದಲ್ಲಿ ಬೆವರಿನ ರಂಧ್ರಗಳು ಮುಚ್ಚಿಕೊಂಡಾಗ ಬೆವರುಸಾಲೆ ಏಳುತ್ತದೆ.

ಹಾಗಾದರೆ ಹತ್ತಿಯನ್ನು ಬಿಟ್ಟುಬಿಡಬೇಕೇ? ಅವ್ವನ ಎದುರಿಗೇ ಒಂದು ಚಿಕ್ಕ ಪರೀಕ್ಷೆ ಮಾಡಿದೆ. ನಾಲ್ಕು ಬಟ್ಟೆಗಳನ್ನು ಹಗ್ಗಕ್ಕೆ ಬಿಗಿಯಾಗಿ ಹರಡಿ, ಒಂದೊಂದರ ಮೇಲೆ ಒಂದೊಂದು ಚಮಚ ನೀರು ಹನಿಸಿ, ಫ್ಯಾನು ಹಚ್ಚಿದೆ. ದಪ್ಪ ಖಾದಿಯಲ್ಲಿ ನೀರು ಸಣ್ಣ ಕಲೆಯಾಗಿ ನಿಂತು ಎಲ್ಲಕ್ಕಿಂತ ತಡವಾಗಿ ಆರಿತು. ಹತ್ತಿಯದೇ ಆದ ಮಲ್‌ಮಲ್‌ನಲ್ಲಿ ನೀರು ಅಂಗೈಯಗಲ ಹರಡಿ ಬೇಗ ಮಾಯವಾಯಿತು. ನುಣುಪು ಪಾಲಿಯೆಸ್ಟರ್ ಅಂಗಿಯಲ್ಲಿ ಕೆಸುವಿನ ಎಲೆಯ ಮೇಲಿನಂತೆ ಹನಿ ನಿಂತು ಜಾರಿತು. ಅಂಥದನ್ನು ತೊಟ್ಟರೆ ಬೆವರು ಬೆನ್ನಗುಂಟ ಇಳಿಯುವುದೇ ಸರಿ. ಮಗ ಆಟಕ್ಕೆ ತೊಡುವ ಜಾಲರಿ ಹೆಣಿಗೆಯ ಪಾಲಿಯೆಸ್ಟರ್ ಜೆರ್ಸಿ ಮಾತ್ರ ನೀರನ್ನು ಹರಡಿಕೊಂಡು ಎಲ್ಲಕ್ಕೂ ಮೊದಲು ಒಣಗಿತು.

ಅವ್ವ ಕೈಯಾಡಿಸಿ ನೋಡಿ, “ಅಂದ್ರ ತೆಳ್ಳಗಿರಬೇಕು, ಬರೇ ಹತ್ತಿ ಅಂದ್ರ ಸಾಲದು,” ಅಂದಳು. ಇಡೀ ವಿಷಯದ ತಿರುಳು ಅದೇ. ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆಂಬುದು ಅದು ಎಷ್ಟು ನೀರು ಹೊತ್ತಿದೆ ಎಂಬುದರ ಮೇಲೆ ನಿಂತಿದೆ. ಎಳೆಯ ಹೆಸರಿಗಿಂತ ಬಟ್ಟೆಯ ದಪ್ಪವೇ ಇಲ್ಲಿ ದೊಡ್ಡದು.

ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ನೂಲಿನ ನಡುವೆ ಬೆಳಕು ಕಂಡರೆ, ಬಾಯಿಂದ ಊದಿದ ಉಸಿರು ಆಚೆಯ ಅಂಗೈಗೆ ತಾಗಿದರೆ, ಅದು ಈ ಊರಿಗೆ ಆದೀತು. ಮೈಯಿಂದ ಎದ್ದು ನಿಲ್ಲುವ ಸುಕ್ಕುನೇಯ್ಗೆ ನುಣುಪಾದುದಕ್ಕಿಂತ ಮೇಲು. ನಾರಗಸೆಯ ಲಿನನ್ ಹತ್ತಿಯಂತೆಯೇ ನೀರು ಕುಡಿದರೂ ಬಿರುಸಾಗಿರುವುದರಿಂದ ಅಷ್ಟು ಅಂಟುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಮೆತ್ತಗಿದೆಯೆಂದು ರೇಯಾನಿಗೆ ಮರುಳಾಗಬೇಡಿರಿ. ಅದು ಹತ್ತಿಗಿಂತಲೂ ಹೆಚ್ಚು ನೀರು ಹೀರಿ ಭಾರವಾಗಿ ಜೋಲುತ್ತದೆ. ಬಿದಿರಿನ ಬಟ್ಟೆಯೆಂದು ಮಾರುವುದೂ ಬಹುಪಾಲು ಅದರ ಜಾತಿಯದೇ. ದಿನವೂ ಕಚೇರಿಗೆ ಓಡಾಡುವವರಿಗೆ ತೆಳುವಾದ ಟೆರಿಕಾಟ್ ಒಂದು ರಾಜಿ. ಜೆರ್ಸಿ ಬೇಗ ಒಣಗುತ್ತದೆ ನಿಜ, ಆದರೆ ಮೈಯ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಬೇಗ ನಾರುತ್ತದೆ; ತೊಟ್ಟ ದಿನವೇ ಒಗೆಯಬೇಕು.

ನಮ್ಮ ಕೂಸಿಗೆ ದಪ್ಪ ಬನಿಯನ್ ಬಿಡಿಸಿ, ಹಳೆಯ ಮಲ್‌ಮಲ್ ಸೀರೆಯಿಂದ ಸಡಿಲವಾದ ಜಬಲಾ ಹೊಲಿಸಿದೆವು. ಒದ್ದೆಯಾದೊಡನೆ ಬದಲಿಸಿ, ಮೈ ಒರೆಸಿ, ಗಾಳಿಗೆ ಮಲಗಿಸಿದೆವು. ವಾರದೊಳಗೆ ಬೆನ್ನಿನ ಕೆಂಪು ಇಳಿಯಿತು, ಮನೆಮಂದಿಗೆಲ್ಲ ನಿದ್ದೆ ಬಂತು. ಜುಲೈಯ ಮಳೆಯಲ್ಲಿ ಗಾಳಿಯೇ ನೀರಾಗಿ ನಿಂತಾಗ ಮಾತ್ರ ಯಾವ ಬಟ್ಟೆಯೂ ತಾನಾಗಿ ಒಣಗದು. ಆಗ ಫ್ಯಾನಿನ ಗಾಳಿ, ಚೀಲದಲ್ಲೊಂದು ಬದಲಿ ಅಂಗಿ, ಇವೆರಡೇ ಗತಿ.