ತಂದೆಯ ಅಂಗಡಿ, ಮಕ್ಕಳ ಪಾಲು

ಯಜಮಾನರು ತೀರಿಕೊಂಡರೂ ಅಂಗಡಿಯ ಬಾಗಿಲನ್ನು ಬಹಳ ದಿನ ಮುಚ್ಚಿಡಲಾಗದು. ಅವರ ಜೊತೆ ದುಡಿದ ಮಗನೇ ಬೀಗದ ಕೈ ಹಿಡಿಯುತ್ತಾನೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅಂಗಡಿ ಅವನದೆಂದೇ ಊರವರು ಭಾವಿಸುತ್ತಾರೆ, ಹತ್ತು ವರ್ಷ ಕಳೆದರೆ ಅವನೂ ಹಾಗೆಯೇ ಭಾವಿಸುತ್ತಾನೆ. ಸಹೋದರಿಯರ ಹಕ್ಕನ್ನು ಯಾರೂ ನಿರಾಕರಿಸಿರುವುದಿಲ್ಲ. ಅದರ ಲೆಕ್ಕವನ್ನು ಯಾರೂ ಮಾಡಿರುವುದಿಲ್ಲ, ಅಷ್ಟೆ.

ನಮ್ಮ ತಂದೆಯವರ ಹಾರ್ಡ್‌ವೇರ್ ಅಂಗಡಿಯಲ್ಲಿ ಅಣ್ಣ ಹದಿನೆಂಟು ವರ್ಷ ದುಡಿದಿದ್ದರು. ಸಂಬಳವೆಂದು ಗೊತ್ತುಪಡಿಸಿದ್ದಿಲ್ಲ, ಪಾಲುದಾರಿಕೆಯ ಮಾತೂ ಆಗಿರಲಿಲ್ಲ. ಮನೆ ಖರ್ಚೆಲ್ಲವೂ ಗಲ್ಲಾಪೆಟ್ಟಿಗೆಯಿಂದಲೇ ನಡೆಯುತ್ತಿತ್ತು. ನಾನು ಗಲ್ಫ್‌ನಲ್ಲಿದ್ದೆ. ತಂದೆಯವರ ಮರಣಾನಂತರ ತಾಯಿ, ನಾವಿಬ್ಬರು ಸಹೋದರರು ಮತ್ತು ಇಬ್ಬರು ಸಹೋದರಿಯರು ವಾರಸುದಾರರಾದೆವು.

ಮೊದಲ ಪ್ರಶ್ನೆ ಅಣ್ಣನ ದುಡಿಮೆಯದು. ನಮ್ಮ ಮನೆಯವರು ಅನುಸರಿಸುವ ಹನಫಿ ಫಿಕ್ಹ್‌ನ ಪ್ರಕಾರ, ಕರಾರಿಲ್ಲದೆ ತಂದೆಯ ವ್ಯಾಪಾರದಲ್ಲಿ ತಂದೆಯ ಆಶ್ರಯದಲ್ಲೇ ದುಡಿದ ಮಗನು ಸಹಾಯಕನೆನಿಸುತ್ತಾನೆ, ಸಂಪಾದನೆ ತಂದೆಯದಾಗುತ್ತದೆ. ಮುಸ್ಲಿಮ್ ವೈಯಕ್ತಿಕ ಕಾನೂನಿನಲ್ಲೂ ಹುಟ್ಟಿನಿಂದಲೇ ಹಕ್ಕು ಬರುವ ಅವಿಭಕ್ತ ಕುಟುಂಬದ ಆಸ್ತಿಯಿಲ್ಲ. ಆದ್ದರಿಂದ ಅಂಗಡಿಯಲ್ಲಿದ್ದ ಸರ್ವಸ್ವವೂ ತಂದೆಯ ಸೊತ್ತಾಗಿ, ಎಲ್ಲ ವಾರಸುದಾರರಿಗೂ ಸೇರಿತು. ತಂದೆ ಬದುಕಿರುವಾಗಲೇ ಮಗನ ಸಂಬಳವನ್ನೋ ಪಾಲನ್ನೋ ಬರೆದಿಡುವುದು ಎಷ್ಟು ಅಗತ್ಯವೆಂಬುದು ಇಲ್ಲಿ ತಿಳಿಯುತ್ತದೆ.

ಸರಕಿನ ಬೆಲೆ, ಬರಬೇಕಾದ ಉದ್ರಿ ಮತ್ತು ಬ್ಯಾಂಕಿನ ಹಣ ಸೇರಿ 60 ಲಕ್ಷ ರೂಪಾಯಿಯಾಯಿತು. ಸರಕು ಪೂರೈಸಿದವರಿಗೆ 7 ಲಕ್ಷ ಕೊಡಬೇಕಿತ್ತು. ನಾನು ಹಿಂದೆ ಕಳುಹಿಸಿದ್ದ 4 ಲಕ್ಷ ಕೊಡುಗೆಯೋ ಸಾಲವೋ ಎಂಬ ಪ್ರಶ್ನೆ ಎದ್ದಿತು. ತಂದೆಯವರು ಖಾತೆ ಪುಸ್ತಕದಲ್ಲಿ ಅದನ್ನು ಕೈಸಾಲವೆಂದು ಬರೆದಿದ್ದರು, ಆ ಒಂದು ಸಾಲು ಜಗಳವನ್ನು ತಪ್ಪಿಸಿತು. ತಾಯಿಗೆ ಸಲ್ಲದೆ ಉಳಿದಿದ್ದ 1 ಲಕ್ಷದ ಮಹರ್ ಕೂಡ ಸಾಲವೇ. ವಸಿಯ್ಯತ್ ಇರಲಿಲ್ಲ. ಇವೆಲ್ಲ ಕಳೆದು ಉಳಿದದ್ದು 48 ಲಕ್ಷ.

ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ಸೂಕ್ತಗಳ ಪ್ರಕಾರ ತಾಯಿಗೆ ಎಂಟನೆಯ ಒಂದು ಭಾಗ, ಅಂದರೆ 6 ಲಕ್ಷ. ಉಳಿದ 42 ಲಕ್ಷದಲ್ಲಿ ನಮಗಿಬ್ಬರಿಗೆ ತಲಾ 14 ಲಕ್ಷ, ಸಹೋದರಿಯರಿಗೆ ತಲಾ 7 ಲಕ್ಷ.

ಲೆಕ್ಕಕ್ಕೆ ಮೊದಲೇ ಕಿರಿಯ ತಂಗಿ, "ನನಗೇನೂ ಬೇಡ ಭಾಯಿಜಾನ್, ತವರಿನ ಬಾಗಿಲು ತೆರೆದಿದ್ದರೆ ಸಾಕು" ಎಂದಿದ್ದಳು. ಅಣ್ಣ ಒಪ್ಪಲಿಲ್ಲ. "ಮೊದಲು ನಿನ್ನ ಪಾಲು ಎಷ್ಟೆಂದು ತಿಳಿದುಕೋ. ಅದು ನಿನ್ನ ಕೈಗೆ ಬರಲಿ. ಆಮೇಲೆ ಕೊಡುವುದೂ ಬಿಡುವುದೂ ನಿನ್ನಿಷ್ಟ" ಎಂದರು. ತವರು ತಪ್ಪೀತೆಂಬ ಭಯದಿಂದ ಬಿಟ್ಟ ಹಕ್ಕನ್ನು ಮನಃಪೂರ್ವಕ ಸಮ್ಮತಿಯೆನ್ನಲು ಹೇಗೆ ಸಾಧ್ಯ? ಮೊತ್ತ ತಿಳಿದ ಮೇಲೆ ಅವಳು ತನ್ನ 7 ಲಕ್ಷವನ್ನು ಕಂತುಗಳಲ್ಲಿ ಪಡೆಯಲು ಒಪ್ಪಿದಳು. ಉಳಿದ ನಾಲ್ವರು ನಮ್ಮ ಪಾಲನ್ನು ಅಂಗಡಿಯಲ್ಲೇ ಬಂಡವಾಳವಾಗಿ ಬಿಟ್ಟು ಪಾಲುದಾರರಾದೆವು. ಒಟ್ಟು ಬಂಡವಾಳ 41 ಲಕ್ಷವಾಯಿತು.

ಅಣ್ಣನ ದುಡಿಮೆಗೆ ನ್ಯಾಯ ದೊರೆತದ್ದು ಇಲ್ಲಿ. ಲಾಭದ ಅರ್ಧಭಾಗ ಅಂಗಡಿ ನಡೆಸುವ ಅವರಿಗೆ, ಉಳಿದರ್ಧ ಎಲ್ಲರಿಗೂ ಬಂಡವಾಳದ ಪ್ರಮಾಣದಲ್ಲಿ ಎಂದು ಬರೆದೆವು. 8 ಲಕ್ಷ 20 ಸಾವಿರ ಲಾಭ ಬಂದರೆ ಅಣ್ಣನಿಗೆ ಒಟ್ಟು 5 ಲಕ್ಷ 50 ಸಾವಿರ, ನನಗೆ 1 ಲಕ್ಷ 40 ಸಾವಿರ, ಅಕ್ಕನಿಗೆ 70 ಸಾವಿರ, ತಾಯಿಗೆ 60 ಸಾವಿರ. ನಷ್ಟವಾದರೆ ಬಂಡವಾಳದ ಪ್ರಮಾಣದಲ್ಲೇ ಹೊರಬೇಕು. ಲಾಭವಿರಲಿ ಇಲ್ಲದಿರಲಿ ಯಾರಿಗೂ ಇಂತಿಷ್ಟೇ ಹಣ ಎಂದು ನಿಗದಿಪಡಿಸಲಿಲ್ಲ. ಅಂಥ ಷರತ್ತು ಶರೀಅತ್‌ನ ಪಾಲುದಾರಿಕೆಗೆ ಹೊಂದದು.

ಇದನ್ನು ಬಾಯಿಮಾತಿಗೆ ಬಿಡಲಾಗದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರಿಗೆ ಲಾಭನಷ್ಟ ಸರಿಸಮ, ದುಡಿಮೆಗೆ ಪ್ರತ್ಯೇಕ ಪ್ರತಿಫಲವಿಲ್ಲ. ಒಬ್ಬರು ನಿಧನರಾದರೆ ಪಾಲುದಾರಿಕೆಯೂ ವಿಸರ್ಜನೆಗೊಳ್ಳುತ್ತದೆ. ಆದ್ದರಿಂದ ಒಬ್ಬರ ಮರಣಾನಂತರವೂ ಉಳಿದವರು ವ್ಯಾಪಾರ ಮುಂದುವರಿಸುವರೆಂದೂ, ಮೃತರ ಪಾಲನ್ನು ಅಂದಿನ ಬೆಲೆಯಂತೆ ಅವರ ವಾರಸುದಾರರಿಗೆ ಕೊಡಬೇಕೆಂದೂ ಪತ್ರದಲ್ಲಿ ಸೇರಿಸಿದೆವು. ನಮ್ಮದು ಬಾಡಿಗೆ ಮಳಿಗೆ. ಸ್ವಂತ ಕಟ್ಟಡವಿದ್ದು, ಅದರ ಹಕ್ಕನ್ನು ಪತ್ರದ ಮೂಲಕವೇ ಹಂಚುವುದಾದರೆ ಆ ಪತ್ರವನ್ನು ನೋಂದಾಯಿಸಲೇಬೇಕು.

ಈಗ ಅಣ್ಣನ ಮಗನೂ ಅಂಗಡಿಗೆ ಬರುತ್ತಿದ್ದಾನೆ. ಮೊದಲ ತಿಂಗಳಿನಿಂದಲೇ ಅವನ ಸಂಬಳ ಖಾತೆಯಲ್ಲಿ ದಾಖಲಾಗುತ್ತಿದೆ.